ಅಂಗಡಿ ಸಿಬ್ಬಂದಿ, ಡೆಲಿವರಿ ಹುಡುಗರ ಯೂನಿಫಾರ್ಮ್: ಒಗೆಯದೆ ಇಟ್ಟ ಸ್ಯಾಂಪಲ್‌ನಲ್ಲಿ ಬಿಳಿ ಪ್ರಿಂಟ್ ಗುಲಾಬಿ ಆಗಿದೆ, ಏನು ಮಾಡಲಿ?

ತುಂಗಾತೀರ
ಶಿವಮೊಗ್ಗದಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಖಾರ, ಸಿಹಿ, ಹಪ್ಪಳ, ಉಪ್ಪಿನಕಾಯಿ ಮಾರುತ್ತೇವೆ. ಕೌಂಟರಿನಲ್ಲಿ ಒಂಬತ್ತು ಜನ, ಅದರಲ್ಲಿ ಆರು ಜನ ಹೆಣ್ಮಕ್ಕಳು. ಬೈಕಿನಲ್ಲಿ ಮನೆಗೆ ತಲುಪಿಸೋಕೆ ಐದು ಹುಡುಗರಿದ್ದಾರೆ. ಇಷ್ಟು ವರ್ಷ ಯೂನಿಫಾರ್ಮ್ ಇರಲಿಲ್ಲ. ಈಗ ಎರಡನೇ ಅಂಗಡಿ ತೆರೆಯುತ್ತಿದ್ದೇವೆ, ಎರಡೂ ಕಡೆ ನಮ್ಮವರು ಅಂತ ನೋಡಿದ ಕೂಡಲೇ ಗೊತ್ತಾಗಬೇಕು ಅನ್ನೋದು ಆಸೆ.

ನಮ್ಮ ಬೋರ್ಡು, ಕವರು, ಡಬ್ಬಿ ಎಲ್ಲಾ ಮರೂನ್. ಅದರ ಮೇಲೆ ಅರಿಶಿನ ಹಳದಿಯಲ್ಲಿ ಅಂಗಡಿ ಹೆಸರು, ಸುತ್ತ ಒಂದು ಬಿಳಿ ಬಳೆ. ಮರೂನ್ ಪಾಲಿಯೆಸ್ಟರ್ ಟೀಶರ್ಟಿಗೆ ಎದೆ ಮೇಲೆ ಚಿಕ್ಕ ಲೋಗೊ, ಬೆನ್ನ ತುಂಬ ದೊಡ್ಡ ಲೋಗೊ ಹಾಕಿ, ಒಂದಕ್ಕೆ 260 ರೂಪಾಯಿ ಅಂತ ರೇಟು ಕೊಟ್ಟಿದ್ದಾರೆ. ಸ್ಯಾಂಪಲ್ ಬಂದ ದಿನ ಕಣ್ಣಿಗೆ ಹಬ್ಬದ ಹಾಗಿತ್ತು. ಮಡಚಿ ಕಪಾಟಿನಲ್ಲಿಟ್ಟಿದ್ದೆ. ಹದಿನೈದು ದಿನ ಬಿಟ್ಟು ತೆಗೆದರೆ ಬಿಳಿ ಬಳೆ ಗುಲಾಬಿ ಆಗಿದೆ, ಹಳದಿ ಅಕ್ಷರ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಒಗೆದಿಲ್ಲ, ಯಾರೂ ಹಾಕಿಕೊಂಡೂ ಇಲ್ಲ. ಇದು ಇಂಕಿನ ತಪ್ಪಾ, ಬಟ್ಟೆಯ ತಪ್ಪಾ? ಇನ್ನೊಂದು ಪ್ರಶ್ನೆ: ಕೌಂಟರಿನವರಿಗೂ ಡೆಲಿವರಿಯವರಿಗೂ ಒಂದೇ ಡ್ರೆಸ್ ಕೊಡಬಹುದಾ?

ಚಿಕ್ಕಪೇಟೆ ಹೋಲ್‌ಸೇಲ್
ಇಂಕು ಸರಿಯಾಗಿ ಬೆಂದಿಲ್ಲ. ಇನ್ನೂ ಜಾಸ್ತಿ ಬಿಸಿ ಕೊಡಿ ಅಂತ ಪ್ರಿಂಟ್ ಮಾಡಿದವರಿಗೆ ಹೇಳಿ. ಅಥವಾ ಪಾಲಿಯೆಸ್ಟರ್ ಸಹವಾಸವೇ ಬಿಟ್ಟು ಎಲ್ಲರಿಗೂ ಪೂರ್ತಿ ಕಾಟನ್ ಕೊಡಿಸಿ. ಮೈಗೆ ತಂಪು, ಪ್ರಿಂಟೂ ನಿಲ್ಲುತ್ತೆ. ನಾನು ಇಪ್ಪತ್ತು ವರ್ಷದಿಂದ ಇದನ್ನೇ ಮಾರುತ್ತಿದ್ದೇನೆ.

ಪೀಣ್ಯ ಪ್ರಿಂಟರ್
ದಯವಿಟ್ಟು ಬಿಸಿ ಜಾಸ್ತಿ ಮಾಡಿಸಬೇಡಿ. ಮಾಡಿಸಿದರೆ ಗುಲಾಬಿ ಇನ್ನೂ ಬೇಗ ಬರುತ್ತೆ.

ನಡೆದಿರೋದು ಇಷ್ಟು. ಕಾಟನ್‌ಗೆ ಹಾಕುವ ಬಣ್ಣ ನೂಲಿಗೆ ಗಟ್ಟಿಯಾಗಿ ಕಚ್ಚಿಕೊಂಡುಬಿಡುತ್ತೆ. ಪಾಲಿಯೆಸ್ಟರ್‌ಗೆ ಹಾಕುವುದು ಬೇರೆ ಜಾತಿಯ ಬಣ್ಣ. ಅದು ನೂಲಿನೊಳಗೆ ಸೇರಿಕೊಂಡು ಕೂತಿರುತ್ತೆ ಅಷ್ಟೆ, ಕಚ್ಚಿಕೊಂಡಿರುವುದಿಲ್ಲ. ಜೋರು ಬಿಸಿ ತಾಗಿದರೆ ಆವಿಯಾಗಿ ಹೊರಗೆ ಬರುತ್ತೆ. ಸಾಮಾನ್ಯ ಸ್ಕ್ರೀನ್ ಪ್ರಿಂಟ್ ಇಂಕು ಬೇಯುವುದಕ್ಕೆ 160 ಡಿಗ್ರಿ ಹತ್ತಿರ ಬೇಕು. ಆ ಬಿಸಿಗೆ ಕೆಳಗಿರುವ ಮರೂನ್ ಎದ್ದು ಮೇಲಿನ ಬಿಳಿ ಪದರದೊಳಗೆ ನುಗ್ಗುತ್ತೆ. ಅಂದೇ ಕಾಣಲ್ಲ. ದಿನ ಕಳೆದ ಹಾಗೆ ನಿಧಾನವಾಗಿ ಮೇಲೆ ಬರುತ್ತೆ. ಅದಕ್ಕೇ ತಂದ ದಿನ ಚೆನ್ನಾಗಿತ್ತು. ಕೆಂಪು ಮತ್ತು ಮರೂನ್ ಇದರಲ್ಲಿ ಅತಿ ಕೆಟ್ಟವು.

ದಾರಿ ಎರಡಿದೆ. ಪ್ರಿಂಟೇ ಬೇಕು ಅಂದರೆ 130 ಡಿಗ್ರಿ ಆಸುಪಾಸಿನಲ್ಲಿ ಬೇಯುವ ಇಂಕು ಸಿಗುತ್ತೆ, ಅದನ್ನು ಕೇಳಿ. ಅದರ ಕೆಳಗೆ ಮೊದಲು ಒಂದು ಕಪ್ಪು ಅಥವಾ ಬೂದು ತಡೆ ಕೋಟು ಹೊಡೆಸಿ. ಅದು ಬಣ್ಣ ಮೇಲೆ ಏರದ ಹಾಗೆ ಹಿಡಿಯುತ್ತೆ. ಎರಡನೆಯದು, ಎದೆಯ ಲೋಗೊ ಎಂಬ್ರಾಯ್ಡರಿ ಮಾಡಿಸುವುದು. ಅಲ್ಲಿ ಬಿಸಿಯೇ ಇಲ್ಲ, ಹಾಗಾಗಿ ಈ ತಂಟೆ ಇಲ್ಲ. ಈಗ ಎಲ್ಲ ಕಡೆ ಮಾಡುವ ಡಿಟಿಎಫ್ ಸ್ಟಿಕ್ಕರ್ ಪ್ರಿಂಟಿಗೂ ಬಿಸಿ ಪ್ರೆಸ್ ಬೇಕೇ ಬೇಕು, ಅಲ್ಲೂ ಇದೇ ಕಥೆ.

ಮತ್ತೆ ಸ್ಯಾಂಪಲ್ ಬಂದಾಗ ಕಪಾಟಿನಲ್ಲಿಟ್ಟು ಕಾಯಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಎರಡು ಮೂರು ದಿನ ಬಿಡಿ. ಬಣ್ಣ ಏರುವುದಾದರೆ ಬೇಗ ಏರುತ್ತೆ. ಬಿಳಿ ಭಾಗದ ಪಕ್ಕ ಒಂದು ಬಿಳಿ ಕಾಗದ ಹಿಡಿದರೆ ವ್ಯತ್ಯಾಸ ಕಂಡುಬಿಡುತ್ತೆ.

ಅಡುಗೆಮನೆ ಲೈಸೆನ್ಸ್
ತಿಂಡಿ ಮಾಡುವ ಕಡೆ ಟೀಶರ್ಟ್ ಸಾಲಲ್ಲ ಸರ್. ಎಫ್‌ಎಸ್‌ಎಸ್‌ಎಐ ನಿಯಮದ ಶೆಡ್ಯೂಲ್ 4ರಲ್ಲಿ ಆಹಾರ ಮುಟ್ಟುವವರಿಗೆ ಸ್ವಚ್ಛ ಏಪ್ರನ್, ತಲೆಗೆ ಕ್ಯಾಪು, ಕೈಗೆ ಗ್ಲೌಸ್ ಬೇಕು. ಇನ್‌ಸ್ಪೆಕ್ಷನ್‌ಗೆ ಬಂದಾಗ ಮೊದಲು ನೋಡುವುದೇ ತಲೆ. ಮರೂನ್ ಬೇಡ, ಬಿಳಿ ಅಥವಾ ತಿಳಿ ಬಣ್ಣ ತಗೊಳ್ಳಿ, ಕೊಳೆ ಕಾಣಬೇಕು.

ತುಂಗಾತೀರ
ತಯಾರಿ ನಮ್ಮಲ್ಲಿ ಬೇರೆ ಕಟ್ಟಡದಲ್ಲಿ ಆಗುತ್ತೆ, ಅಲ್ಲಿ ಏಪ್ರನ್, ಕ್ಯಾಪು ಎರಡೂ ಇವೆ. ನಾನು ಕೇಳಿದ್ದು ಗಿರಾಕಿಗೆ ಕಾಣುವವರ ಬಗ್ಗೆ. ಆದರೂ ಕೌಂಟರಿನಲ್ಲಿ ಬಿಡಿ ಖಾರ ತೂಗಿ ಕೊಡುವವರೂ ಇದ್ದಾರಲ್ಲ, ಅವರ ಕ್ಯಾಪಿನ ಮಾತು ನೆನಪಿಸಿದ್ದು ಒಳ್ಳೇದಾಯ್ತು.

ಪೀಣ್ಯದ ಅಣ್ಣಾ, ಎಂಬ್ರಾಯ್ಡರಿ ಎದೆಗೆ ಸರಿ. ಬೆನ್ನಿನ ದೊಡ್ಡ ಲೋಗೊಗೆ?

ಸವಾರ 18
ಬೆನ್ನಿನ ಲೋಗೊ ಯಾರು ನೋಡ್ತಾರೆ ಅಕ್ಕಾ? ನಾನು ಬೆಂಗಳೂರಲ್ಲಿ ಫುಡ್ ಡೆಲಿವರಿ ಮಾಡುತ್ತೇನೆ. ಬೆಳಿಗ್ಗೆ ಬ್ಯಾಗು ಬೆನ್ನಿಗೇರಿದರೆ ರಾತ್ರಿ ಇಳಿಯೋದು. ಬೆನ್ನಿನ ಪ್ರಿಂಟು ಬ್ಯಾಗಿನ ಅಡಿಗೇ ಇರುತ್ತೆ, ಬೆವರಿಗೆ, ಉಜ್ಜಾಟಕ್ಕೆ ಚಕ್ಕೆ ಎದ್ದು ಬರುತ್ತೆ. ಅಂಟಂಟು ಪ್ರಿಂಟ್ ಇದ್ದರೆ ಆ ಜಾಗದಲ್ಲಿ ಗಾಳಿಯೇ ಆಡಲ್ಲ, ಬೊಕ್ಕೆ ಏಳುತ್ತೆ.

ಎದೆಯ ಲೋಗೊ ಕೂಡ ಎಡಗಡೆ ಬ್ಯಾಗಿನ ಪಟ್ಟಿ ಕೆಳಗೆ ಅರ್ಧ ಮುಚ್ಚಿಹೋಗುತ್ತೆ. ಟೀಶರ್ಟ್ ಮೊದಲು ಹರಿಯೋದು ಹೆಗಲ ಮೇಲೆ, ಪಟ್ಟಿ ಉಜ್ಜುವ ಕಡೆ. ಬಿಸಿಲಿಗೆ ಕೈಗೆ ತೋಳುಚೀಲ ಹಾಕ್ತೀವಿ, ಮಳೆಗೆ ರೇನ್‌ಕೋಟು. ನಿಮ್ಮೂರಲ್ಲಂತೂ ಮಳೆ ಹಿಡಿದರೆ ಬಿಡೋದೇ ಇಲ್ಲ. ಜೂನಿಂದ ಸೆಪ್ಟೆಂಬರ್ ತನಕ ನಿಮ್ಮ ಹುಡುಗರ ಟೀಶರ್ಟನ್ನು ಯಾವ ಗಿರಾಕಿಯೂ ನೋಡಲ್ಲ. ರೇನ್‌ಕೋಟೇ ಯೂನಿಫಾರ್ಮು.

ಇನ್ನೊಂದು. ನಮ್ಮ ಕಂಪನಿಯಲ್ಲಿ ಸೇರುವಾಗಲೇ ಟೀಶರ್ಟ್, ಬ್ಯಾಗಿನ ದುಡ್ಡು ನಮ್ಮ ಹತ್ತಿರವೇ ಹಿಡಿದುಕೊಂಡರು. ಅವರ ಹೆಸರು ಹೊತ್ತು ತಿರುಗುವುದಕ್ಕೆ ನಾವು ಕಾಸು ಕೊಡಬೇಕು. ನೀವು ಹಾಗೆ ಮಾಡಬೇಡಿ.

ಅಕ್ಷರ ವಿನ್ಯಾಸ
ಸವಾರರು ಹೇಳಿದ್ದು ಈ ಚರ್ಚೆಯ ಮುಖ್ಯ ಮಾತು. ನಾನು ಬ್ರಾಂಡ್ ಡಿಸೈನ್ ಮಾಡುವವಳು. ಟೀಶರ್ಟಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಖಾಲಿ ಬೆನ್ನಿನ ಮೇಲೆ ಇಟ್ಟು ತೋರಿಸಿದರೆ ಎಲ್ಲರೂ ಒಪ್ಪಿಬಿಡುತ್ತಾರೆ. ಬ್ಯಾಗು, ಹೆಲ್ಮೆಟ್, ರೇನ್‌ಕೋಟು ಹಾಕಿದ ಮೇಲೆ ಏನು ಉಳಿಯುತ್ತೆ ಅಂತ ಯಾರೂ ನೋಡಲ್ಲ.

ಒಂದು ಕೆಲಸ ಮಾಡಿ. ನಿಮ್ಮ ಒಬ್ಬ ಹುಡುಗನನ್ನು ಪೂರ್ತಿ ಸಾಮಾನು ಹೊರಿಸಿ ಬೈಕ್ ಮೇಲೆ ಕೂರಿಸಿ. ಹಿಂದಿನಿಂದ, ಪಕ್ಕದಿಂದ, ಮನೆ ಬಾಗಿಲಲ್ಲಿ ನಿಂತು ಎದುರಿನಿಂದ ಫೋಟೊ ತೆಗೆಯಿರಿ. ರಸ್ತೆಯಲ್ಲಿ ಕಾಣುವುದು ಬ್ಯಾಗಿನ ಹಿಂಭಾಗ ಮತ್ತು ಎರಡು ಪಕ್ಕ. ಬಾಗಿಲಲ್ಲಿ ಕಾಣುವುದು ಮುಖ, ಕಾಲರ್, ಬಲಗಡೆ ಎದೆ, ಡಬ್ಬಿ ನೀಡುವ ಕೈ. ಡೆಲಿವರಿಯವರಿಗೆ ಲೋಗೊವನ್ನು ಬಲತೋಳಿನ ಮೇಲೆ ಹಾಕಿಸಿ. ಕೈ ಚಾಚಿದಾಗ ಗಿರಾಕಿಯ ಕಣ್ಣಿಗೆ ಅದೇ ಬೀಳುತ್ತೆ, ಪಟ್ಟಿಯೂ ಅಡ್ಡ ಬರಲ್ಲ. ಕೌಂಟರಿನವರಿಗೆ ಎಡ ಎದೆ ಸರಿ, ಏಪ್ರನ್ ಹಾಕುವುದಾದರೆ ಮಾತ್ರ ಏಪ್ರನ್ ಮೇಲೂ ಬೇಕು.

ಬಣ್ಣದ ವಿಚಾರಕ್ಕೆ ಒಂದು ಹಳೆ ಉದಾಹರಣೆ. ಅಮೆರಿಕದ ಯುಪಿಎಸ್ 1907ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ಪಾರ್ಸೆಲ್ ಕಂಪನಿ. ಸ್ಥಾಪಕ ಜೇಮ್ಸ್ ಕೇಸಿಗೆ ಗಾಡಿಗಳು ಹಳದಿ ಇರಲಿ ಅಂತ ಮನಸ್ಸಿತ್ತು. ಪಾಲುದಾರ ಚಾರ್ಲಿ ಸೋಡರ್‌ಸ್ಟ್ರಾಮ್ ಒಪ್ಪಲಿಲ್ಲ. ಹಳದಿಯನ್ನು ಚೊಕ್ಕಟವಾಗಿ ಇಡೋಕಾಗಲ್ಲ ಅಂದ. ಆಗಿನ ಕಾಲದ ಶ್ರೀಮಂತ ರೈಲು ಬೋಗಿಗಳಾದ ಪುಲ್‌ಮನ್ ಬೋಗಿಗಳ ಕಂದು ಬಣ್ಣವನ್ನು ಆರಿಸಿದರು. ಧೂಳು, ಮಣ್ಣು ಅದರ ಮೇಲೆ ಎದ್ದು ಕಾಣುತ್ತಿರಲಿಲ್ಲ. ಇವತ್ತು ಗಾಡಿ, ಡ್ರೆಸ್ ಎರಡೂ ಅದೇ ಕಂದು. ಅಲ್ಲಿಯ ಜನ ಲೋಗೊ ಓದದೆಯೇ ದೂರದಿಂದ ಗುರುತು ಹಿಡಿಯುತ್ತಾರೆ. ಕೊಳೆ ನೋಡಿ ಆರಿಸಿದ ಬಣ್ಣವೇ ಬ್ರಾಂಡ್ ಆಯಿತು.

ನಿಮ್ಮಲ್ಲಿ ಖಾರದ ಪುಡಿ, ಎಣ್ಣೆ ಕೈ, ಉಪ್ಪಿನಕಾಯಿ ರಸ. ಮರೂನ್ ಅದನ್ನೆಲ್ಲ ತಡೆದುಕೊಳ್ಳುತ್ತೆ. ಅದನ್ನು ಬಿಡಬೇಡಿ.

ಗಾಜನೂರು
ನಿಮ್ಮದು ಶುದ್ಧ ಸಸ್ಯಾಹಾರಿ ಅಂಗಡಿ ಅಲ್ವಾ? ಡೆಲಿವರಿ ಹುಡುಗರಿಗೆ ಹಸಿರು ಕೊಡಿ. ಸಸ್ಯಾಹಾರ ಅಂತ ಬಾಗಿಲಲ್ಲೇ ಗೊತ್ತಾಗುತ್ತೆ, ಮಡಿ ಮಾಡುವ ಮನೆಯವರೂ ಖುಷಿಯಾಗಿ ತಗೊಳ್ತಾರೆ.

ಸವಾರ 18
ಅಣ್ಣಾ, ಇದನ್ನು ಜೊಮ್ಯಾಟೊ ಮಾಡಿ ನೋಡಿತು. 2024ರ ಮಾರ್ಚ್ 19ಕ್ಕೆ ಸಸ್ಯಾಹಾರಿಗಳಿಗೇ ಬೇರೆ ಪಡೆ, ಅವರಿಗೆ ಹಸಿರು ಡ್ರೆಸ್, ಹಸಿರು ಡಬ್ಬಿ ಅಂತ ಘೋಷಿಸಿದರು. ಮಾರನೇ ದಿನವೇ ಹಸಿರು ಬಿಟ್ಟು ಎಲ್ಲರಿಗೂ ಕೆಂಪೇ ಅಂದರು. ಹಸಿರಿನವನು ವೆಜ್ ಅಂದ ಮೇಲೆ ಕೆಂಪಿನವನು ನಾನ್‌ವೆಜ್ ಅಂತಾಯ್ತಲ್ಲ. ಕೆಲವು ಹಬ್ಬದ ದಿನ ಅಪಾರ್ಟ್‌ಮೆಂಟಿನವರು ಕೆಂಪು ಡ್ರೆಸ್ಸಿನವರನ್ನು ಗೇಟಿನಲ್ಲೇ ತಡೆದರೆ? ಕಂಪನಿಯವರೇ ಆ ಮಾತು ಹೇಳಿದರು. ಕಂಪನಿ ಬಣ್ಣ ಬದಲಿಸಿ ಆಫೀಸಿನಲ್ಲಿ ಕೂರುತ್ತೆ, ಗೇಟಿನಲ್ಲಿ ಉತ್ತರ ಕೊಡೋರು ನಾವು.

ಗಾಜನೂರು
ಅದು ದೊಡ್ಡ ಕಂಪನಿ, ಎರಡೂ ಮಾರುತ್ತಾರೆ. ಇವರು ಸಸ್ಯಾಹಾರ ಮಾತ್ರ ಮಾರೋರು. ಎರಡು ಬಣ್ಣದ ಪ್ರಶ್ನೆಯೇ ಬರಲ್ಲ. ನನಗೆ ಈಗಲೂ ಹಸಿರು ಸರಿ ಅನಿಸುತ್ತೆ.

ಅಕ್ಷರ ವಿನ್ಯಾಸ
ಅದು ಸರಿ, ಆದರೆ ಆಗ ಬೋರ್ಡು ಮರೂನ್, ಹುಡುಗ ಹಸಿರು. ಬಾಗಿಲಲ್ಲಿ ನಿಂತವನು ಇದೇ ಅಂಗಡಿಯವನು ಅಂತ ಗಿರಾಕಿಗೆ ಹೇಗೆ ಗೊತ್ತಾಗಬೇಕು?

ಸೀರೆ ಸೆಕ್ಷನ್
ಕೌಂಟರಿನ ಹೆಣ್ಮಕ್ಕಳ ಬಗ್ಗೆ ಯಾರೂ ಮಾತಾಡಿಲ್ಲ. ನಾನು ದಾವಣಗೆರೆಯಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ. ಗಂಡಸರ ಅಳತೆಯ ಟೀಶರ್ಟನ್ನೇ ಚಿಕ್ಕ ಸೈಜಿನಲ್ಲಿ ನಮಗೆ ಕೊಟ್ಟಿದ್ದರು. ಹೆಗಲು ಕೆಳಗೆ ಜಾರುತ್ತಿತ್ತು, ಸೊಂಟದ ಹತ್ತಿರ ಹಿಡಿಯುತ್ತಿತ್ತು. ಮೇಲಿನ ಅಟ್ಟದಿಂದ ಸಾಮಾನು ತೆಗೆಯೋಕೆ ಕೈ ಎತ್ತಿದರೆ ಟೀಶರ್ಟೂ ಮೇಲೆ ಬರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಎಳೆದುಕೊಂಡು ಇನ್ನೊಂದು ಕೈಯಲ್ಲಿ ಡಬ್ಬಿ ಇಳಿಸಬೇಕು. ಒಬ್ಬರು ದುಪಟ್ಟಾ ಹಾಕಿಕೊಂಡರು, ಒಬ್ಬರು ಮೇಲೆ ಸ್ವೆಟರ್ ಹಾಕಿದರು. ಹದಿನೈದು ದಿನದಲ್ಲಿ ಲೋಗೊ ಯಾರ ಮೈಮೇಲೂ ಕಾಣುತ್ತಿರಲಿಲ್ಲ.

ಆರು ಜನರನ್ನೂ ಕೂರಿಸಿ ಕೇಳಿ. ಕುರ್ತಾ ಬೇಕು ಅಂದವರಿಗೆ ಕುರ್ತಾ, ಸೀರೆ ಉಡುವವರಿಗೆ ಅದರ ಮೇಲೆ ತೊಡುವ ತೋಳಿಲ್ಲದ ಕೋಟು. ಬಣ್ಣ ಒಂದೇ ಇದ್ದರೆ ಆಯ್ತು. ಬಟ್ಟೆ ಯಾವುದಾದರೂ ಕಿಸೆ ಇರಲೇಬೇಕು. ಪೆನ್ನು, ಚಿಲ್ಲರೆ, ಮೊಬೈಲು ಎಲ್ಲಿಟ್ಟುಕೊಳ್ಳೋದು?

ಎದೆಗೆ ಹೆಸರಿನ ಬಿಲ್ಲೆ ಬೇಡ. ಒಬ್ಬ ಗಿರಾಕಿ ನನ್ನ ಬಿಲ್ಲೆ ಓದಿ ಫೇಸ್‌ಬುಕ್ಕಿನಲ್ಲಿ ಹುಡುಕಿ ಮೆಸೇಜ್ ಹಾಕುತ್ತಿದ್ದ.

ಚಿಕ್ಕಪೇಟೆ ಹೋಲ್‌ಸೇಲ್
ಹೆಸರಿಲ್ಲದಿದ್ದರೆ ಗಿರಾಕಿ ದೂರು ಕೊಡೋದು ಯಾರ ಮೇಲೆ? ಹೆಸರು ಹಿಡಿದು ಮಾತಾಡಿಸಿದರೆ ವ್ಯಾಪಾರಕ್ಕೂ ಒಳ್ಳೇದು. ಮತ್ತೆ, ಬಿಸಿಯ ಮಾತು ಏನಾದರೂ ಇರಲಿ, ಕಾಟನ್ ಮಾತ್ರ ನಾನು ಬಿಡಲ್ಲ.

ಪೀಣ್ಯ ಪ್ರಿಂಟರ್
ಕಾಟನ್ ಮಾತಲ್ಲಿ ಅರ್ಧ ನಿಜ ಇದೆ. ನೆರಳಲ್ಲಿ ನಿಲ್ಲುವ ಕೌಂಟರಿನವರಿಗೆ ಕಾಟನ್ ಜಾಸ್ತಿ ಇರುವ ಬಟ್ಟೆ ಹಿತ. ಆದರೆ ಕಾಟನ್ ನೀರು ಕುಡಿದರೆ ಬಿಡಲ್ಲ. ಬೆವರಿದ, ನೆನೆದ ಕಾಟನ್ ಟೀಶರ್ಟ್ ಶಿವಮೊಗ್ಗದ ಜುಲೈನಲ್ಲಿ ರಾತ್ರಿ ಒಣಹಾಕಿದರೆ ಬೆಳಿಗ್ಗೆಗೂ ಹಸಿ, ಮುಗ್ಗಲು ವಾಸನೆ. ಡೆಲಿವರಿಯವರಿಗೆ ಬೇಗ ಒಣಗುವ ಪಾಲಿಯೆಸ್ಟರ್ರೇ ಸರಿ. ಕೌಂಟರಿಗೆ ಪಾಲಿಯೆಸ್ಟರ್, ಕಾಟನ್ ಮಿಶ್ರದ್ದು, 220 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 220 ಗ್ರಾಂ ತೂಗುವುದರ ಸುತ್ತಮುತ್ತ ತಗೊಳ್ಳಿ. ಇನ್ನೂ ತೆಳು ತಗೊಂಡರೆ ಎಂಬ್ರಾಯ್ಡರಿ ಸುತ್ತ ಬಟ್ಟೆ ಸುಕ್ಕುತ್ತೆ.

ಎರಡು ಬೇರೆ ಬಟ್ಟೆಯಲ್ಲಿ ಒಂದೇ ಮರೂನ್ ಬರಿಸುವುದು ಕಷ್ಟ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಾಣುತ್ತೆ, ಬಿಸಿಲಿಗೆ ತಂದರೆ ಒಂದು ಕಂದು, ಒಂದು ನೇರಳೆ. ಎರಡು ತುಂಡನ್ನೂ ಹೊರಗೆ ತಂದು, ಒಳಗೂ ಹಿಡಿದು ನೋಡಿ ಆಮೇಲೆ ಆರ್ಡರ್ ಕೊಡಿ. ಹದಿನಾಲ್ಕು ಜನಕ್ಕೆ ತಲಾ ಮೂರು ಅಂದರೆ 42. ಇಷ್ಟಕ್ಕೆ ನಿಮ್ಮದೇ ಬಣ್ಣ ಯಾರೂ ಹಾಕಿಕೊಡಲ್ಲ. ತಯಾರಿದ್ದ ಶೇಡ್ ಕಾರ್ಡಿನಲ್ಲಿ ಹತ್ತಿರದ್ದನ್ನು ಆರಿಸಬೇಕು. ಆರಿಸಿದ ಮೇಲೆ ಹತ್ತು ಹನ್ನೆರಡು ಪೀಸು ಹೆಚ್ಚಿಗೆ ತಗೊಂಡು ಒಳಗಿಡಿ. ಆರು ತಿಂಗಳು ಬಿಟ್ಟು ಹೊಸಬರು ಸೇರಿದಾಗ ಮುಂದಿನ ಲಾಟಿನ ಮರೂನ್ ಇದೇ ಮರೂನ್ ಆಗಿರಲ್ಲ.

ಬಣ್ಣ ಬಿಡುತ್ತಾ ಅಂತ ನೋಡೋಕೆ ಬಿಳಿ ಕರವಸ್ತ್ರ ಒದ್ದೆ ಮಾಡಿ ಬಟ್ಟೆ ಮೇಲೆ ಹತ್ತು ಸಲ ಒತ್ತಿ ಉಜ್ಜಿ. ಕರವಸ್ತ್ರ ಚೆನ್ನಾಗಿ ಕೆಂಪಾದರೆ ಆ ಲಾಟು ಬೇಡ. ಅವರ ಮನೆಯ ಬಕೆಟ್ಟಿನಲ್ಲಿ ಮಕ್ಕಳ ಬಿಳಿ ಬಟ್ಟೆಯೂ ಇರುತ್ತೆ.

ಇನ್ನು ಎಂಬ್ರಾಯ್ಡರಿ. ನಿಮ್ಮ ಹೆಸರಿನಲ್ಲಿ ಒತ್ತಕ್ಷರ ಇದೆಯಾ?

ತುಂಗಾತೀರ
ಎರಡಿವೆ. ಒಂದು ‘ಮ್ಮ’, ಒಂದು ‘ಷ್ಟ’.

ಪೀಣ್ಯ ಪ್ರಿಂಟರ್
ಹಾಗಾದರೆ ಜೋಪಾನ. ದಾರದ ಗೆರೆ ಒಂದು ಮಿತಿಗಿಂತ ಸಣ್ಣ ಆಗಲ್ಲ. ಅಕ್ಷರ ಚಿಕ್ಕದಾದರೆ ‘ಷ’ದ ಹೊಟ್ಟೆ ಮುಚ್ಚಿಹೋಗುತ್ತೆ, ಕೆಳಗಿನ ‘ಟ’ ಒಂದು ಗಂಟಾಗುತ್ತೆ. ಇಂಗ್ಲಿಷ್ ಅಕ್ಷರ 6 ಮಿಲಿಮೀಟರಿನಲ್ಲೂ ಓದೋಕಾಗುತ್ತೆ. ಒತ್ತಕ್ಷರ ಇರುವ ಕನ್ನಡ ಸಾಲನ್ನು ನಾನು ತಲೆಕಟ್ಟಿನಿಂದ ಒತ್ತಿನ ತುದಿವರೆಗೆ 14 ಮಿಲಿಮೀಟರಿಗಿಂತ ಕಡಿಮೆ ಮಾಡಲ್ಲ. ಲೋಗೊವನ್ನು ಎಂಬ್ರಾಯ್ಡರಿ ಮೆಷಿನ್‌ಗೆ ಬೇಕಾದ ಹೊಲಿಗೆ ಫೈಲ್ ಮಾಡುವುದಕ್ಕೆ ಪಂಚಿಂಗ್ ಅಂತೀವಿ, ಅದನ್ನು ಮಾಡುವವರು ಹೆಚ್ಚಾಗಿ ಇಂಗ್ಲಿಷ್ ಅಭ್ಯಾಸದವರು. ಫಾಂಟನ್ನು ಹಾಗೇ ಹಾಕಿಬಿಡುತ್ತಾರೆ. ಅಕ್ಷರದ ಗೆರೆ ಸ್ವಲ್ಪ ತೆಳ್ಳಗೆ, ಒಳಗಿನ ಖಾಲಿ ಜಾಗ ಸ್ವಲ್ಪ ದೊಡ್ಡದು ಮಾಡಿ ಬೇರೆ ಫೈಲ್ ಕೊಡಿ ಅಂತ ನಿಮ್ಮ ಡಿಸೈನರ್‌ಗೆ ಹೇಳಿ.

ಒಳಗಡೆ ಕೈ ಹಾಕಿ ನೋಡುವುದನ್ನು ಮರೆಯಬೇಡಿ. ಹಿಂದಿನ ಬ್ಯಾಕಿಂಗ್ ಪೇಪರ್ ಒರಟಾಗಿದ್ದರೆ ಎದೆಗೆ ಚುಚ್ಚುತ್ತೆ. ಮೇಲೊಂದು ಮೆತ್ತನೆ ಪದರ ಅಂಟಿಸಿಕೊಡಿ ಅಂತ ಕೇಳಬಹುದು, ಖರ್ಚು ದೊಡ್ಡದಲ್ಲ.

ರೇನ್‌ಕೋಟಿಗೆ ಮಾತ್ರ ಎಂಬ್ರಾಯ್ಡರಿ ಬೇಡವೇ ಬೇಡ. ಒಂದೊಂದು ಸೂಜಿ ತೂತಿನಿಂದಲೂ ನೀರು ಒಳಗೆ ಬರುತ್ತೆ. ಬಿಸಿ ಪ್ರೆಸ್ಸೂ ಬೇಡ, ಒಳಗಿನ ಲೇಪ ಕರಗುತ್ತೆ. ಗಾಳಿಗೆ ಒಣಗುವ ವಿನೈಲ್ ಇಂಕಿನಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿಸಿ.

ಅಕ್ಷರ ವಿನ್ಯಾಸ
ರೇನ್‌ಕೋಟಿನ ಬಣ್ಣಕ್ಕೆ ನಾನು ಹಿಂದೆ ಹೇಳಿದ್ದರ ಉಲ್ಟಾ ಹೇಳುತ್ತೇನೆ. ಅಲ್ಲಿ ಮರೂನ್ ಬೇಡ. ಮಳೆ ಸಂಜೆಯಲ್ಲಿ ಮರೂನ್ ಕಪ್ಪಾಗಿಬಿಡುತ್ತೆ, ಹಿಂದೆ ಬರುವ ಬಸ್ಸಿನವರಿಗೆ ಕಾಣಲ್ಲ. ನಿಮ್ಮ ಅಕ್ಷರದ ಹಳದಿ ಇದೆಯಲ್ಲ, ಅದೇ ರೇನ್‌ಕೋಟಿನ ಬಣ್ಣ ಆಗಲಿ, ಅದರ ಮೇಲೆ ಮರೂನ್ ಅಕ್ಷರ. ಬೋರ್ಡಿನ ಎರಡು ಬಣ್ಣವೇ ಅದಲುಬದಲು, ಗುರುತು ತಪ್ಪಲ್ಲ. ಕೆಸರು ಹಾರಿದರೂ ರೇನ್‌ಕೋಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ. ಟೀಶರ್ಟಿನಲ್ಲಿ ಹಾಗಾಗಲ್ಲ, ಅದಕ್ಕೇ ಅಲ್ಲಿ ಹಳದಿ ಬೇಡ.

ಸವಾರ 18
ಹಳದಿ ಹಗಲಿಗೆ, ಸಂಜೆಗೆ ಆಯ್ತು. ರಾತ್ರಿ ಹೆಡ್‌ಲೈಟಿಗೆ ಹೊಳೆಯುವ ಪಟ್ಟಿ ಬೇಕು. ಅದನ್ನು ಬೆನ್ನಿಗೆ ಹಾಕಿಸಿದರೆ ಮತ್ತೆ ಬ್ಯಾಗಿನ ಅಡಿಗೆ ಹೋಗುತ್ತೆ. ತೋಳಿನ ಸುತ್ತ ಒಂದು, ಬ್ಯಾಗಿನ ಹಿಂದೆ ಮತ್ತು ಎರಡೂ ಪಕ್ಕ ಒಂದೊಂದು. ಅಡ್ಡರಸ್ತೆಯಿಂದ ಬರೋ ಗಾಡಿಗೆ ಪಕ್ಕದ್ದೇ ಕಾಣೋದು.

ಆಮೇಲೆ ಮಳೆ ಬಂದರೆ ಬ್ಯಾಗಿಗೂ ಒಂದು ಪ್ಲಾಸ್ಟಿಕ್ ಹೊದಿಕೆ ಹಾಕ್ತೀವಿ. ಅದು ಕಪ್ಪು ಇದ್ದರೆ ಅಲ್ಲಿಗೆ ಲೋಗೊ, ಪಟ್ಟಿ ಎಲ್ಲಾ ಮುಚ್ಚಿಹೋಯ್ತು. ಹೊದಿಕೆಯೂ ಹಳದಿ ಇರಲಿ, ಅದರ ಮೇಲೂ ಹೆಸರು, ಪಟ್ಟಿ ಇರಲಿ.

ತುಂಗಾತೀರ
ಹೊಸ ಪಟ್ಟಿ ಮಾಡಿದೆ. ಬೆನ್ನಿನ ದೊಡ್ಡ ಲೋಗೊ ಎಲ್ಲರಿಗೂ ತೆಗೆದೆ. ಕೌಂಟರಿಗೆ ಮಿಶ್ರ ಬಟ್ಟೆ, ಎಡ ಎದೆಗೆ ಎಂಬ್ರಾಯ್ಡರಿ. ಹೆಣ್ಮಕ್ಕಳನ್ನು ಇವತ್ತೇ ಕೇಳಿದೆ, ನಾಲ್ಕು ಜನ ಕಿಸೆ ಇರುವ ಕುರ್ತಾ ಅಂದರು, ಇಬ್ಬರು ಸೀರೆ ಮೇಲೆ ಕೋಟು ಅಂದರು. ಡೆಲಿವರಿಗೆ ಪಾಲಿಯೆಸ್ಟರ್, ಬಲತೋಳಿಗೆ ಎಂಬ್ರಾಯ್ಡರಿ. ಉಳಿದ ದುಡ್ಡು ಹಳದಿ ರೇನ್‌ಕೋಟು, ಬ್ಯಾಗಿನ ಹೊದಿಕೆಗೆ. ದುಡ್ಡು ಯಾರ ಹತ್ತಿರವೂ ಹಿಡಿಯಲ್ಲ.

ಹೆಸರಿನ ಬಿಲ್ಲೆ ಮಾತ್ರ ತೀರ್ಮಾನ ಆಗಿಲ್ಲ. ನಮ್ಮ ಯಜಮಾನರು ಬೇಕು ಅಂತಾರೆ, ಹೆಣ್ಮಕ್ಕಳಲ್ಲಿ ಮೂವರು ಬೇಡ ಅಂದರು. ಹೆಸರಿನ ಬದಲು ನಂಬರ್ ಹಾಕಿಸೋಣ ಅಂದರೆ ಒಬ್ಬ ಹುಡುಗ ‘ನಾನೇನು ಕೈದಿನಾ ಅಕ್ಕಾ’ ಅಂದ.

ಸೀರೆ ಸೆಕ್ಷನ್
ಬಿಲ್ಲೆ ಬಿಡಿ, ಬಿಲ್ಲಿನ ಮೇಲೆ ಕೌಂಟರ್ ನಂಬರ್ ಬರೋ ಹಾಗೆ ಮಾಡಿ. ದೂರು ಕೊಡಬೇಕಾದವರಿಗೆ ಅದು ಸಾಕು.

ಚಿಕ್ಕಪೇಟೆ ಹೋಲ್‌ಸೇಲ್
ಮನೆ ಬಾಗಿಲಿಗೆ ಹೋಗುವ ಹುಡುಗನಿಗೆ ಏನು ಮಾಡ್ತೀರಿ? ಒಂಟಿ ಅಜ್ಜಿ ಇರುವ ಮನೆಯಲ್ಲಿ ಹೆಸರು, ಫೋಟೊ ಇಲ್ಲದವನಿಗೆ ಬಾಗಿಲು ತೆಗೆಯೋದು ಹೇಗೆ?

ಸವಾರ 18
ಆರ್ಡರ್ ಬಂದಾಗ ಮೆಸೇಜಿನಲ್ಲಿ ಹೆಸರು ಕಳಿಸಿ. ಗಿರಾಕಿಗೆ ಗೊತ್ತಿದ್ದರೆ ಸಾಕು, ರಸ್ತೆಗೆಲ್ಲ ಯಾಕೆ?

ಪೀಣ್ಯ ಪ್ರಿಂಟರ್
ಅಕ್ಕಾ, ಪಂಚಿಂಗ್ ಆದ ಮೇಲೆ ಮೊದಲ ತುಂಡನ್ನು ಬೇರೆ ಬಟ್ಟೆ ಮೇಲೆ ಹೊಲಿದು ಕೊಡ್ತಾರೆ. ಒಪ್ಪಬೇಡಿ. ನಿಮ್ಮದೇ ಬಟ್ಟೆ ಮೇಲೆ ಹೊಲಿಸಿ, ಐದು ಸಲ ಒಗೆದು, ‘ಷ್ಟ’ ಓದೋಕಾಗುತ್ತಾ ಅಂತ ಕೌಂಟರಿನ ಆಚೆ ಬದಿಯಿಂದ ನೋಡಿ. ಫೋಟೊ ಇಲ್ಲಿ ಹಾಕಿ, ಸರಿಯಿದೆಯಾ ಅಂತ ಹೇಳುತ್ತೇನೆ.